ನಾವು ಹೊಗೆ ಬಿಡದಿದ್ದರೆ ಅವರು ಹುಟ್ಟುತ್ತಲೇ ಇರಲಿಲ್ಲ

ಮುಳುಗಡೆ ಮನೆತನದವರು ಇಲ್ಲಿ ಎಷ್ಟು ಜನ ಇದ್ದೀರಿ? ಸುಮ್ನೆ ಕೈ ಎತ್ತಿ ನೋಡೋಣ. ಏಳೆಂಟು ಜನ ಇದ್ದೀರಿ. ಸಾಗರದ ಕಡೆ ಮಾತಾಡುವಾಗ ಇಷ್ಟಾದರೂ ಕೈ ಏಳುತ್ತವೆ ಅಂತ ಗೊತ್ತಿತ್ತು. ಹಾಗಾಗಿ ಇವತ್ತಿನ ವಿಷಯವನ್ನು ಹವಾಮಾನದಿಂದ ಶುರು ಮಾಡದೆ ಶರಾವತಿಯಿಂದ ಶುರು ಮಾಡುತ್ತೇನೆ.

ಒಂದು ಮನೆಯನ್ನು ಊಹಿಸಿಕೊಳ್ಳಿ. ನದಿ ದಂಡೆಯ ಒಂದು ಹಳ್ಳಿ. ಸ್ವಲ್ಪ ಗದ್ದೆ, ಒಂದು ಅಡಿಕೆ ತೋಟ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ನೀರು ಏರಿತು. ಆ ಮನೆಯ ಅಜ್ಜಿ ಪಾತ್ರೆ, ದನ, ಐದು ವರ್ಷದ ಮಗಳು ಎಲ್ಲವನ್ನೂ ಲಾರಿಗೆ ಹತ್ತಿಸಿಕೊಂಡು ಎಲ್ಲೋ ದೂರದ ಕಾಡಂಚಿಗೆ ಹೋಗಿ ಕೂತಳು. ಮಗಳು ಅಲ್ಲೇ ಬೆಳೆದಳು. ಅಲ್ಲಿನ ಪಕ್ಕದ ಊರಿನ ಹುಡುಗನನ್ನು ಮದುವೆಯಾದಳು. 1982ರಲ್ಲಿ ಅವರಿಗೆ ಒಂದು ಹೆಣ್ಣು ಮಗು ಹುಟ್ಟಿತು. ಅವಳಿಗೆ ಸುಮಾ ಅಂತ ಹೆಸರಿಡೋಣ.

ಈಗ ಮೂರೂ ಜನ ಬಂದು ಅಣೆಕಟ್ಟಿನ ಮೇಲೆ ದೂರು ಹೇಳುತ್ತಾರೆ ಅಂದುಕೊಳ್ಳಿ. ಅಜ್ಜಿ ಹೇಳುತ್ತಾಳೆ, "ನೀರು ಬರದೆ ಇದ್ದಿದ್ದರೆ ನಾನು ನನ್ನ ತೋಟದಲ್ಲೇ ಇರುತ್ತಿದ್ದೆ." ಸರಿಯಾದ ದೂರು. ಮಗಳೂ ಹಾಗೆ ಹೇಳಬಹುದು. ಅವಳಿಗೆ ಆಗ ಐದು ವರ್ಷ, ಅವಳು ಅದಾಗಲೇ ಇದ್ದಳು. ಮೂರನೆಯವಳಾಗಿ ಸುಮಾ ಎದ್ದು, "ಅಣೆಕಟ್ಟು ಕಟ್ಟದೆ ಇದ್ದಿದ್ದರೆ ನಾನು..." ಅಂತ ಶುರು ಮಾಡಿದರೆ ಅವಳ ವಾಕ್ಯ ಮುಗಿಯುವುದೇ ಇಲ್ಲ. ಅಣೆಕಟ್ಟು ಇಲ್ಲದಿದ್ದರೆ ಅವಳ ಅಮ್ಮ ಆ ಕಾಡಂಚಿಗೆ ಹೋಗುತ್ತಿರಲಿಲ್ಲ. ಆ ಹುಡುಗನನ್ನು ನೋಡುತ್ತಲೂ ಇರಲಿಲ್ಲ. ಬೇರೆ ಯಾರನ್ನೋ ಮದುವೆಯಾಗಿ ಬೇರೆ ಮಕ್ಕಳನ್ನು ಹೆರುತ್ತಿದ್ದಳು. ಸುಮಾ ಬಡವಳಾಗಿ ಹುಟ್ಟುವ ಬದಲು ಸಿರಿವಂತಳಾಗಿ ಹುಟ್ಟುವ ಲೆಕ್ಕ ಇದಲ್ಲ. ಆ ಇನ್ನೊಂದು ದಾರಿಯಲ್ಲಿ ಸುಮಾ ಎಂಬುವಳೇ ಇಲ್ಲ.

ಅಜ್ಜಿಗೆ ಹೋಲಿಸಿ ನೋಡಲು ಎರಡು ಬಾಳು ಇವೆ, ಸುಮಾಳಿಗೆ ಒಂದೇ ಇದೆ. ಈ ಒಂದು ಮಾತು ಮನಸ್ಸಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಹುಟ್ಟಿಗೂ ನಮ್ಮ ನಿರ್ಧಾರಕ್ಕೂ ಇರುವ ಈ ಗಂಟನ್ನು 1970ರ ದಶಕದ ಕೊನೆಯಲ್ಲಿ ಥಾಮಸ್ ಶ್ವಾರ್ಟ್ಜ್, ರಾಬರ್ಟ್ ಆಡಮ್ಸ್ ಮುಂತಾದವರು ಬೇರೆ ಬೇರೆಯಾಗಿ ಗಮನಿಸಿದ್ದರು. ಅದನ್ನು ಹಿಡಿದು ಪೂರ್ತಿ ಬಿಡಿಸಿ ತೋರಿಸಿದವನು ಆಕ್ಸ್‌ಫರ್ಡಿನ ತತ್ವಜ್ಞಾನಿ ಡೆರೆಕ್ ಪಾರ್ಫಿಟ್. 1984ರ ತನ್ನ ಪುಸ್ತಕದಲ್ಲಿ ಅವನು ಓದುಗರಿಗೆ ಕೇಳುವ ಪ್ರಶ್ನೆ ತುಂಬ ಸರಳವಾದದ್ದು. ರೈಲು, ಮೋಟಾರು ಕಾರು ಕಂಡುಹಿಡಿಯದೇ ಇದ್ದಿದ್ದರೂ ನಾನು ಹುಟ್ಟೇ ಹುಟ್ಟುತ್ತಿದ್ದೆ ಅಂತ ನಿಮ್ಮಲ್ಲಿ ಎಷ್ಟು ಜನ ಹೇಳಬಲ್ಲಿರಿ? ಯೋಚಿಸಿ. ನಿಮ್ಮ ಅಜ್ಜ ಯಾವುದೋ ಬಸ್ಸು ಹತ್ತಿ ಹೆಣ್ಣು ನೋಡಲು ಹೋಗಿದ್ದರು. ಬಸ್ಸೇ ಇಲ್ಲದಿದ್ದರೆ ನಡೆದು ಹೋಗುವಷ್ಟು ದೂರದ ಊರಿನ ಹೆಣ್ಣೇ ಆಗುತ್ತಿತ್ತು.

ಅಷ್ಟೇ ಅಲ್ಲ. ಅಪ್ಪ ಅಮ್ಮ ಅವರೇ ಆದರೂ ಸಾಲದು. ಒಂದು ಗರ್ಭ ನಿಲ್ಲುವಾಗ ಒಂದು ಅಂಡಾಣು, ಅದರ ಸುತ್ತ ಕೋಟಿಗಟ್ಟಲೆ ವೀರ್ಯಾಣು. ಅದರಲ್ಲಿ ಒಂದು ಗೆಲ್ಲುತ್ತದೆ. ಒಂದು ತಿಂಗಳು ಆಚೀಚೆ ಆದರೆ ಅಂಡಾಣುವೇ ಬೇರೆ. ಒಂದು ದಿನ ಆಚೀಚೆ ಆದರೂ ಗೆಲ್ಲುವ ವೀರ್ಯಾಣು ಬೇರೆ. ಹುಟ್ಟುವುದು ನಿಮ್ಮ ಅಣ್ಣನೋ ತಂಗಿಯೋ ಇರಬಹುದಾದ ಇನ್ನೊಬ್ಬರು, ನೀವಲ್ಲ. ಆ ದಿನ ಕರೆಂಟು ಹೋಗಿದ್ದರೆ, ಅಪ್ಪನಿಗೆ ರಾತ್ರಿ ಪಾಳಿ ಬಿದ್ದಿದ್ದರೆ, ನಾವ್ಯಾರೂ ಇಲ್ಲಿ ಕೂತಿರುತ್ತಿರಲಿಲ್ಲ. ಯಾಕೆ ನಗುತ್ತೀರಿ, ನಿಜ ತಾನೇ?

ಈಗ ಹವಾಮಾನಕ್ಕೆ ಬರೋಣ. ನಮ್ಮ ಮುಂದೆ ಎರಡು ದಾರಿ ಇವೆ ಅಂದುಕೊಳ್ಳಿ. ಒಂದು, ಕಲ್ಲಿದ್ದಲು, ಎಣ್ಣೆ ಸುಡುತ್ತಾ ಆರಾಮಾಗಿ ಹೋಗುವುದು. ಇನ್ನೊಂದು, ಕೈ ಬಿಗಿ ಹಿಡಿದು ಬೇಗ ಬೇರೆ ಇಂಧನಕ್ಕೆ ಹೊರಳುವುದು. ಇದು ಬರೀ ವಿದ್ಯುತ್ತಿನ ವಿಷಯ ಅಲ್ಲ. ರಾಯಚೂರಿನ ಶಾಖೋತ್ಪನ್ನ ಕೇಂದ್ರ 1985ರಲ್ಲಿ ಶುರುವಾಯಿತು. ಅದಕ್ಕಾಗಿ ಶಕ್ತಿನಗರ ಎಂಬ ಊರೇ ಎದ್ದಿತು. ಬೇರೆ ಬೇರೆ ಕಡೆಯಿಂದ ಎಂಜಿನಿಯರುಗಳು, ಕೆಲಸಗಾರರು, ಅಂಗಡಿಯವರು ಬಂದರು, ಸಂಸಾರ ಹೂಡಿದರು. ಅದೇ ರೀತಿ ಪಾವಗಡದಲ್ಲಿ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದು ಸೌರ ವಿದ್ಯುತ್ ಪಾರ್ಕ್ ಮಾಡಿದರು. ಹೊಲಕ್ಕೆ ಹೋಗುತ್ತಿದ್ದವರ ದಿನಚರಿಯೇ ಬದಲಾಯಿತು. ಯಾರು ಎಲ್ಲಿ ಕೆಲಸ ಮಾಡುತ್ತಾರೆ, ಎಷ್ಟು ಹೊತ್ತಿಗೆ ಮನೆಗೆ ಬರುತ್ತಾರೆ, ಯಾರನ್ನು ಭೇಟಿಯಾಗುತ್ತಾರೆ ಎಲ್ಲವೂ ಇಂಥ ನಿರ್ಧಾರಗಳಿಂದ ಅಲುಗುತ್ತದೆ.

ಮೊದಲ ತಲೆಮಾರಿನಲ್ಲಿ ಬದಲಾಗುವುದು ಕೆಲವು ಮಕ್ಕಳು ಮಾತ್ರ. ಆದರೆ ಆ ಬೇರೆ ಮಕ್ಕಳು ಬೇರೆಯವರನ್ನು ಮದುವೆಯಾಗುತ್ತಾರೆ. ಅವರು ಮದುವೆಯಾಗಬೇಕಿದ್ದವರು ಇನ್ಯಾರನ್ನೋ ಆಗುತ್ತಾರೆ. ಬಟ್ಟೆಯ ಮೇಲೆ ಬಿದ್ದ ಬಣ್ಣದ ಹನಿ ಹಬ್ಬಿದ ಹಾಗೆ ಇದು ಹಬ್ಬುತ್ತದೆ. 150 ವರ್ಷ ಅಂದರೆ ಆರು ತಲೆಮಾರು. ಅಷ್ಟು ಹೊತ್ತಿಗೆ ಸುಡುವ ದಾರಿಯ ಜಗತ್ತಿನಲ್ಲಿರುವ ಒಬ್ಬರೂ ಬಿಗಿ ಹಿಡಿದ ದಾರಿಯ ಜಗತ್ತಿನಲ್ಲಿ ಇರುವುದಿಲ್ಲ ಅಂದರೆ ಅತಿಯಾಗಲಾರದು.

ಸುಡುವ ದಾರಿಯನ್ನೇ ಹಿಡಿದೆವು ಅನ್ನಿ. 2170ನೇ ಇಸವಿ. ಕರಾವಳಿಯಲ್ಲಿ ಒಬ್ಬಳು ಹುಡುಗಿ. ಅವಳ ಮನೆ ಬಾವಿಗೆ ಉಪ್ಪು ನೀರು ನುಗ್ಗಿದೆ. ಸೆಕೆಗಾಲದಲ್ಲಿ ಬೆಳಗ್ಗೆ ಒಂಬತ್ತರ ಮೇಲೆ ಹೊರಗೆ ಕೆಲಸ ಮಾಡಲು ಆಗುವುದಿಲ್ಲ. ಹಾಗಂತ ಅವಳ ಬಾಳು ನರಕವೇನಲ್ಲ. ಗೆಳತಿಯರಿದ್ದಾರೆ, ಹಾಡು ಹೇಳುತ್ತಾಳೆ, ಬದುಕುವ ಆಸೆ ಇದೆ. ಅವಳು ನಮ್ಮನ್ನು ಕಟಕಟೆಗೆ ಎಳೆದು ಕೇಳುತ್ತಾಳೆ, ಗೊತ್ತಿದ್ದೂ ಗೊತ್ತಿದ್ದೂ ನನಗೆ ಯಾಕೆ ಹೀಗೆ ಮಾಡಿದಿರಿ ಅಂತ.

ನಮ್ಮ ಕಡೆಯ ವಕೀಲ ಎದ್ದು ನಿಂತು ತಣ್ಣಗೆ ಹೇಳುತ್ತಾನೆ. "ತಾಯಿ, ಇವರು ಬೇರೆ ದಾರಿ ಹಿಡಿದಿದ್ದರೆ ಬಾವಿಯ ನೀರು ಸಿಹಿ ಇರುತ್ತಿತ್ತು, ನಿಜ. ಆದರೆ ಅದನ್ನು ಸೇದಲು ನೀವಿರುತ್ತಿರಲಿಲ್ಲ. ಇನ್ಯಾರೋ ಇರುತ್ತಿದ್ದರು. ನಿಮಗೆ ಈ ಬಾಳು ಬೇಡವಾಗಿದೆಯೇ? ಇಲ್ಲ ಅನ್ನುತ್ತೀರಿ. ಹಾಗಾದರೆ ಇವರು ನಿಮಗೆ ಮಾಡಿದ ಕೇಡು ಯಾವುದು?"

ಇದೇ ಮಾತನ್ನು ಅವನು 2170ರಲ್ಲಿರುವ ಪ್ರತಿಯೊಬ್ಬರಿಗೂ ಹೇಳಬಹುದು. ಒಬ್ಬೊಬ್ಬರನ್ನೇ ಕರೆದು ಕೇಳಿದರೆ ಕೇಡಾದವರು ಒಬ್ಬರೂ ಸಿಗುವುದಿಲ್ಲ. ಆದರೂ ಒಟ್ಟು ನೋಡಿದರೆ ಏನೋ ದೊಡ್ಡ ತಪ್ಪಾಗಿದೆ ಅಂತ ನಮಗೆಲ್ಲ ಅನಿಸುತ್ತದೆ. ಇದೇ ಒಗಟು.

ನಾನು ಕಾಲೇಜಿನಲ್ಲಿ ಇದನ್ನು ಹೇಳಿದಾಗಲೆಲ್ಲ ಹುಡುಗರು ಇದು ಮಾತಿನ ಮೋಸ ಅನ್ನುತ್ತಾರೆ. ಇರಬಹುದು. ಆದರೆ ಮೋಸ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ ಅಂದರೆ ಕಷ್ಟವಾಗುತ್ತದೆ. ಪಾರ್ಫಿಟ್ ಕೂಡ ಈ ವಕೀಲನ ಪರ ಇರಲಿಲ್ಲ, ಸುಡುವ ದಾರಿ ತಪ್ಪೆಂದೇ ಅವನ ನಂಬಿಕೆ. ಅಣು ವಿದ್ಯುತ್ತಿನಂಥ ವಿಷಯ ನಿರ್ಧರಿಸುವವರಿಂದ ಈ ಒಗಟನ್ನು ಮುಚ್ಚಿಡುವುದೇ ಮೇಲು ಎಂಬ ಅರ್ಥದ ಮಾತನ್ನೂ ಒಂದು ಕಡೆ ಬರೆದಿದ್ದಾನೆ. ಪುಸ್ತಕದಲ್ಲಿ ಅಚ್ಚು ಹಾಕಿಸಿ ಮುಚ್ಚಿಡುವುದು ಹೇಗೋ, ಅವನಿಗೇ ಗೊತ್ತು.

ಒಗಟಿಗೆ ಉತ್ತರ ಹುಡುಕುವ ಮೊದಲು ಅದು ಎಲ್ಲಿಯವರೆಗೆ ಮುಟ್ಟುತ್ತದೆ ಅಂತ ನೋಡಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಹೋದ ವಾರ ಸಾಗರದ ಆಸ್ಪತ್ರೆಯಲ್ಲಿ ಒಂದು ಮಗು ಹುಟ್ಟಿದ್ದರೆ, 2100ರಲ್ಲಿ ಅದಕ್ಕೆ ಎಪ್ಪತ್ತೈದರ ಆಸುಪಾಸು. ಆ ಮಗು ಆಗಲೇ ಇದೆ. ನಾಳೆಯಿಂದ ನಾವು ಏನೇ ಮಾಡಿದರೂ ಆ ಮಗು ಯಾರು ಎಂಬುದು ಬದಲಾಗುವುದಿಲ್ಲ. ಅದು ಮುಳುಗಡೆಯ ಐದು ವರ್ಷದ ಮಗಳ ಜಾಗದಲ್ಲಿದೆ, ಸುಮಾಳ ಜಾಗದಲ್ಲಲ್ಲ. ಈ ಶತಮಾನದ ಬಿಸಿಗೆ ಸಿಕ್ಕಿ ನರಳುವವರಲ್ಲಿ ಬಹಳಷ್ಟು ಜನ ಆಗಲೇ ಹುಟ್ಟಿದವರು. ಅವರ ಮುಂದೆ ವಕೀಲನ ಆಟ ನಡೆಯುವುದಿಲ್ಲ.

ಜರ್ಮನಿಯ ಸಂವಿಧಾನ ನ್ಯಾಯಾಲಯ 2021ರಲ್ಲಿ ಕೊಟ್ಟ ಒಂದು ತೀರ್ಮಾನ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿನ 2019ರ ಹವಾಮಾನ ಕಾಯ್ದೆಯಲ್ಲಿ 2030ರೊಳಗೆ ಹೊಗೆಯನ್ನು 1990ರ ಮಟ್ಟಕ್ಕಿಂತ ಶೇ. 55ರಷ್ಟು ಇಳಿಸಬೇಕು ಅಂತ ಇತ್ತು. ಆಮೇಲೆ ಏನು ಮಾಡಬೇಕು ಎಂಬುದು ಸ್ಪಷ್ಟವಾಗಿರಲಿಲ್ಲ. ಕೆಲವು ಎಳೆಯರು ಕೋರ್ಟಿಗೆ ಹೋದರು. ಅರ್ಜಿ ಹಾಕಿದವರಲ್ಲಿ ಬಾಂಗ್ಲಾದೇಶ, ನೇಪಾಳದವರೂ ಇದ್ದರು.

ಕೋರ್ಟು ಹೇಳಿದ್ದು ಹೀಗೆ. ಈಗ ಸಡಿಲ ಬಿಟ್ಟರೆ 2030ರ ನಂತರ ಉಸಿರು ಕಟ್ಟುವಷ್ಟು ಬಿಗಿ ಮಾಡಬೇಕಾಗುತ್ತದೆ. ಆಗ ಇವರ ಸ್ವಾತಂತ್ರ್ಯಗಳೇ ಮೊಟಕಾಗುತ್ತವೆ. ಭಾರವನ್ನು ಹೀಗೆ ಮುಂದಕ್ಕೆ ತಳ್ಳುವುದು ಸಂವಿಧಾನಕ್ಕೆ ಒಪ್ಪುವುದಿಲ್ಲ. ಕೋರ್ಟು ಹಿಡಿದದ್ದು ಎದುರಿಗೆ ನಿಂತ ಜೀವಂತ ಅರ್ಜಿದಾರರ ಹಕ್ಕನ್ನು, ಗಮನಿಸಿ. ಇನ್ನೂ ಹುಟ್ಟದವರ ವಿಷಯದಲ್ಲಿ ಸರ್ಕಾರಕ್ಕೆ ಕರ್ತವ್ಯ ಇದೆ ಅಂತ ಒಪ್ಪಿತು. ಆದರೆ ಹುಟ್ಟದ ಇಂಥ ವ್ಯಕ್ತಿಗೆ ಇಂಥ ಹಕ್ಕು ಇದೆ ಅಂತ ಹೇಳಲಿಲ್ಲ. ಕೆಲವೇ ತಿಂಗಳಲ್ಲಿ ಸಂಸತ್ತು ಕಾಯ್ದೆ ತಿದ್ದಿ 2030ರ ಗುರಿಯನ್ನು ಶೇ. 65ಕ್ಕೆ ಏರಿಸಿತು. ಇದಕ್ಕೆ ಎದುರಾಗಿ ಫಿಲಿಪ್ಪೀನ್ಸಿನ ಸುಪ್ರೀಂ ಕೋರ್ಟು 1993ರಲ್ಲೇ ಕಾಡು ಕಡಿಯುವ ಪರವಾನಗಿಗಳ ಮೊಕದ್ದಮೆಯಲ್ಲಿ ಮಕ್ಕಳು ಇನ್ನೂ ಹುಟ್ಟದ ತಲೆಮಾರಿನ ಪರವಾಗಿಯೂ ದಾವೆ ಹೂಡಬಹುದು ಅಂದಿತ್ತು. ಧೈರ್ಯದ ಮಾತು. ಆದರೆ ನಮ್ಮ ವಕೀಲ ಅಲ್ಲಿದ್ದಿದ್ದರೆ, "ಹುಟ್ಟದ ಯಾರ ಪರವಾಗಿ?" ಅಂತ ಕೇಳುತ್ತಿದ್ದ. ಕರ್ತವ್ಯವನ್ನು ಒಪ್ಪಿಯೂ ವ್ಯಕ್ತಿಯ ಹಕ್ಕಿನ ಮಾತಿಗೆ ಹೋಗದ ಜರ್ಮನಿಯ ನ್ಯಾಯಾಧೀಶರು ಇಲ್ಲಿ ಜಾಸ್ತಿ ಎಚ್ಚರದಿಂದ ನಡೆದರು ಅಂತ ನನ್ನ ಅನಿಸಿಕೆ.

ಹಾಗಾದರೆ ಆಗಲೇ ಹುಟ್ಟಿದವರ ಬಗ್ಗೆ ಮಾತ್ರ ಯೋಚಿಸಿದರೆ ಸಾಕೇ? ಸಾಲದು. ನಾವು ಇಂದು ಬಿಡುವ ಇಂಗಾಲದ ಡೈ ಆಕ್ಸೈಡಿನಲ್ಲಿ ಒಂದು ಪಾಲು ಸಾವಿರ ವರ್ಷದ ನಂತರವೂ ಗಾಳಿಯಲ್ಲಿ ಇರುತ್ತದೆ. ಸಮುದ್ರ ಅದಕ್ಕಿಂತ ನಿಧಾನ. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯಾದ ಐಪಿಸಿಸಿಯ 2021ರ ವರದಿಯ ಪ್ರಕಾರ, ಭೂಮಿಯ ಬಿಸಿ 2 ಡಿಗ್ರಿಗೆ ನಿಂತರೂ ಮುಂದಿನ 2,000 ವರ್ಷಗಳಲ್ಲಿ ಸಮುದ್ರ 2ರಿಂದ 6 ಮೀಟರ್ ಏರುತ್ತದೆ. 5 ಡಿಗ್ರಿ ಆದರೆ 19ರಿಂದ 22 ಮೀಟರ್. ಇದನ್ನು ಅನುಭವಿಸುವವರೆಲ್ಲ ಸುಮಾಳ ಸಾಲಿನವರು.

ಪಾರ್ಫಿಟ್ ಇಲ್ಲಿ ಒಂದು ಒಳ್ಳೆಯ ಪರೀಕ್ಷೆ ಒಡ್ಡುತ್ತಾನೆ. ಸರ್ಕಾರದ ಹತ್ತಿರ ಒಂದೇ ಯೋಜನೆಗೆ ಸಾಲುವಷ್ಟು ದುಡ್ಡಿದೆ. ಮೊದಲ ಯೋಜನೆಯಲ್ಲಿ ಬಸುರಿಯರನ್ನು ಪರೀಕ್ಷಿಸಿ, ಕಾಯಿಲೆ ಕಂಡರೆ ಔಷಧಿ ಕೊಡುತ್ತಾರೆ, ಮಗುವಿಗೆ ಊನ ತಪ್ಪುತ್ತದೆ. ಎರಡನೆಯದರಲ್ಲಿ ಬಸುರಿಯಾಗಲು ಹೊರಟವರನ್ನು ಪರೀಕ್ಷಿಸುತ್ತಾರೆ. ಕಾಯಿಲೆ ಕಂಡರೆ, ಎರಡು ತಿಂಗಳು ತಡೆಯಿರಿ, ತಾನೇ ಹೋಗುತ್ತದೆ, ಆಮೇಲೆ ಆಗುವ ಮಗುವಿಗೆ ಊನ ಇರುವುದಿಲ್ಲ ಅನ್ನುತ್ತಾರೆ. ಎರಡರಲ್ಲೂ ವರ್ಷಕ್ಕೆ ಸಾವಿರ ಮಕ್ಕಳ ಲೆಕ್ಕ. ಮೊದಲನೆಯದರಲ್ಲಿ ಅದೇ ಮಗುವಿಗೆ ಲಾಭ. ಎರಡನೆಯದರಲ್ಲಿ ಎರಡು ತಿಂಗಳು ತಡೆದದ್ದರಿಂದ ಹುಟ್ಟುವುದು ಬೇರೆ ಮಗು. ಈಗ ಹೇಳಿ, ಮೊದಲನೆಯ ಯೋಜನೆ ಎರಡನೆಯದಕ್ಕಿಂತ ಮೇಲು ಅನ್ನಬಹುದೇ?

ಇಲ್ಲಿ ತಲೆ ಆಡಿಸುತ್ತಿರುವವರನ್ನು ನೋಡಿದರೆ ನಿಮ್ಮಲ್ಲಿ ಹೆಚ್ಚಿನವರಿಗೆ ಎರಡೂ ಒಂದೇ ಅನಿಸುತ್ತಿದೆ. ಪಾರ್ಫಿಟ್‌ಗೂ ಹಾಗೇ ಅನಿಸಿತು. ಒಬ್ಬರಿಗೆ ಕೇಡಾಯಿತೇ ಎಂಬ ಪ್ರಶ್ನೆಗೆ ನಾವು ಕೊಟ್ಟಿದ್ದ ತೂಕ ಜಾಸ್ತಿಯಾಗಿತ್ತು ಅಂತ ಇದರಿಂದ ಗೊತ್ತಾಗುತ್ತದೆ. ಸಂಖ್ಯೆ ಒಂದೇ ಆಗಿದ್ದರೆ, ಯಾರೇ ಹುಟ್ಟಲಿ, ಚೆನ್ನಾಗಿ ಬಾಳುವವರು ಹುಟ್ಟುವ ದಾರಿಯೇ ಮೇಲು. ಸಿಹಿ ನೀರಿನ ಬಾವಿಯ ಹುಡುಗಿ ಬೇರೆಯವಳಾದರೇನು? ಬಾವಿ ಸಿಹಿಯಾಗಿರಬೇಕು.

ಇದು ಕೇಳಲು ಚೆನ್ನಾಗಿದೆ. ಆದರೆ ಸಂಖ್ಯೆ ಒಂದೇ ಆಗಿದ್ದರೆ ಅಂದೆನಲ್ಲ, ಕಷ್ಟ ಇರುವುದೇ ಅಲ್ಲಿ. ಸುಡುವ ದಾರಿಯಲ್ಲಿ 500 ಕೋಟಿ ಜನ, ಬಿಗಿ ದಾರಿಯಲ್ಲಿ 900 ಕೋಟಿ ಜನ ಆದರೆ, ಅಥವಾ ಅದು ತಿರುವುಮುರುವಾದರೆ? ಒಟ್ಟು ಸುಖವನ್ನು ಕೂಡಿಸೋಣ ಅಂತ ಹೊರಟರೆ, ಬರೀ ಗಂಜಿಯಲ್ಲಿ ಬದುಕುವ ಲೆಕ್ಕವಿಲ್ಲದಷ್ಟು ಜನರ ಜಗತ್ತು ಚೆನ್ನಾಗಿ ಬಾಳುವ ಕೆಲವರ ಜಗತ್ತಿಗಿಂತ ಮೇಲು ಅಂತ ಉತ್ತರ ಬರುತ್ತದೆ. ಸರಾಸರಿ ತೆಗೆದರೆ ಬೇರೆ ಎಡವಟ್ಟುಗಳು. ಎಲ್ಲಕ್ಕೂ ಹೊಂದುವ ಸಿದ್ಧಾಂತಕ್ಕೆ ಪಾರ್ಫಿಟ್ ಎಕ್ಸ್ ಅಂತ ಹೆಸರಿಟ್ಟು ಹುಡುಕುತ್ತಾ ಹೋದ. 2017ರ ಜನವರಿಯಲ್ಲಿ ತೀರಿಕೊಂಡ. ಎಲ್ಲರೂ ಒಪ್ಪುವ ಎಕ್ಸ್ ಇನ್ನೂ ಸಿಕ್ಕಿಲ್ಲ.

ಇನ್ನು ಕೆಲವರು ಕೇಡು ಎಂಬ ಮಾತಿನ ಅರ್ಥವನ್ನೇ ಬದಲಿಸುತ್ತಾರೆ. ಬೇರೆ ದಾರಿಯಲ್ಲಿ ನೀನು ಹೇಗಿರುತ್ತಿದ್ದೆ ಅಂತ ಹೋಲಿಸಬೇಡಿ, ಒಂದು ಗೆರೆ ಎಳೆಯಿರಿ ಅನ್ನುತ್ತಾರೆ. ಕುಡಿಯುವ ನೀರು, ಉಣ್ಣುವ ಅನ್ನ, ನಿಲ್ಲುವ ನೆಲ ಇವಿಷ್ಟು ಯಾರೇ ಹುಟ್ಟಿದರೂ ಅವರಿಗೆ ಸಲ್ಲಬೇಕಾದದ್ದು. ಗೊತ್ತಿದ್ದೂ ಯಾರನ್ನಾದರೂ ಆ ಗೆರೆಗಿಂತ ಕೆಳಗೆ ಹುಟ್ಟುವ ಹಾಗೆ ಮಾಡಿದರೆ ಅದು ಅವರಿಗೆ ಮಾಡಿದ ಅನ್ಯಾಯವೇ. ಅವರಿಗೆ ಬೇರೆ ಬಾಳು ಇತ್ತೋ ಇಲ್ಲವೋ ಅದು ಬೇರೆ ಮಾತು.

ನನಗೆ ಇದು ಹೆಚ್ಚು ಒಪ್ಪುತ್ತದೆ. ಅದಕ್ಕೆ ಒಂದು ಕಾರಣ ನಮ್ಮ ಹಳೆಯ ಶಾಸನಗಳು. ಕೆರೆಗೆ, ದೇವಸ್ಥಾನಕ್ಕೆ ಭೂಮಿ ಬಿಟ್ಟ ಶಾಸನಗಳನ್ನು ನೀವು ನೋಡಿರಬಹುದು. ಮೇಲೆ ಸೂರ್ಯ ಚಂದ್ರ ಕೆತ್ತಿರುತ್ತಾರೆ. ಆಚಂದ್ರಾರ್ಕ, ಅಂದರೆ ಚಂದ್ರ ಸೂರ್ಯರು ಇರುವವರೆಗೂ ಇದು ನಡೆಯಲಿ ಅಂತ ಬರೆದಿರುತ್ತಾರೆ. ಕೊನೆಗೆ, ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಅಂತ ಶಾಪ. ಕ್ಷಮಿಸಿ, ಶಾಸನದಲ್ಲಿ ಇರುವುದೇ ಹಾಗೆ. ಕೆರೆ ಕಟ್ಟಿಸಿದವನಿಗೆ ಮುನ್ನೂರು ವರ್ಷದ ಮೇಲೆ ಅದರ ಕೆಳಗೆ ಗದ್ದೆ ಮಾಡುವವರು ಯಾರು ಅಂತ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಕೆರೆ ಕಟ್ಟಿದ್ದರಿಂದಲೇ ಅಲ್ಲಿಗೆ ಜನ ಬಂದು ನೆಲೆಸಿದರು, ಮದುವೆಯಾದರು, ಹೆತ್ತರು. ಅವರೆಲ್ಲ ಸುಮಾಳ ಸಾಲಿನವರೇ. ಆದರೂ ಏರಿ ಗಟ್ಟಿ ಇರಬೇಕು ಎಂಬ ಕರ್ತವ್ಯ ಕೆರೆಯ ಕೆಳಗೆ ಇರುವವರಿಗೆ ಸಲ್ಲುತ್ತಿತ್ತು. ಆ ಜಾಗದಲ್ಲಿ ಯಾರಿರುತ್ತಾರೋ ಅವರಿಗೆ.

ಈ ಉತ್ತರಕ್ಕೂ ಒಂದು ದೌರ್ಬಲ್ಯ ಇದೆ, ಮುಚ್ಚಿಡುವುದಿಲ್ಲ. ಗೆರೆಯ ಮೇಲೆ ಇರುವವರ ಬಗ್ಗೆ ಇದು ಬಾಯಿ ಬಿಡುವುದಿಲ್ಲ. 2170ರ ಜಗತ್ತಿನಲ್ಲಿ ನೀರು, ಅನ್ನ ಎಲ್ಲ ಇದೆ, ಆದರೆ ಹವಳದ ದಿಬ್ಬಗಳಿಲ್ಲ, ಹಿಮದ ಬೆಟ್ಟಗಳಿಲ್ಲ ಅಂದರೆ, ಅದು ಯಾರಿಗೆ ಮಾಡಿದ ಅನ್ಯಾಯ? ಅಲ್ಲಿ ಮತ್ತೆ ಎರಡು ಯೋಜನೆಗಳ ಆ ಪರೀಕ್ಷೆಗೇ ಹೋಗಬೇಕು. ಹಾಗಾಗಿ ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ, ಒಂದಕ್ಕೊಂದು ಪೂರ್ತಿ ಹೊಂದದಿದ್ದರೂ.

ಮತ್ತೆ ಸುಮಾಳ ಹತ್ತಿರ ಹೋಗೋಣ. ಇಲ್ಲಿ ಕೈ ಎತ್ತಿದವರಿಗೆ ಗೊತ್ತಿರುವ ವಿಷಯ ಇದು. ಮುಳುಗಡೆಯಿಂದ ಎದ್ದು ಹೋದ ಎಷ್ಟೋ ಕುಟುಂಬಗಳಿಗೆ ಕೂತ ಜಾಗದ ಹಕ್ಕುಪತ್ರ ಅರವತ್ತು ವರ್ಷವಾದರೂ ಸಿಕ್ಕಿಲ್ಲ. ಸುಮಾಳಿಗೂ ಸಿಕ್ಕಿಲ್ಲ ಅನ್ನಿ. ಅಣೆಕಟ್ಟು ತನಗೆ ಕೇಡು ಮಾಡಿತು ಅಂತ ಅವಳು ಹೇಳಿದರೆ ವಕೀಲ ಬಾಯಿ ಮುಚ್ಚಿಸಬಹುದು. ಆದರೆ ಹಕ್ಕುಪತ್ರ ಕೊಡದೆ ಇದ್ದದ್ದು 1982ರ ನಂತರವೂ ನಡೆದ ಕೆಲಸ. ಪ್ರತಿ ವರ್ಷ, ಅವಳು ಇರುವಾಗಲೇ, ಕೊಡದೆ ಬಿಟ್ಟರು. ಅಲ್ಲಿ ಅವಳಿಗೂ ಹೋಲಿಸಲು ಎರಡು ಬಾಳು ಇವೆ, ಹಕ್ಕುಪತ್ರ ಇದ್ದ ಸುಮಾ, ಇಲ್ಲದ ಸುಮಾ. ಅಜ್ಜಿಯಷ್ಟೇ ಗಟ್ಟಿಯಾಗಿ ಅವಳು ಕೇಳಬಹುದು.

2170ರ ಹುಡುಗಿಯದೂ ಹಾಗೇ. ಅವಳು ಗರ್ಭದಲ್ಲಿ ನಿಂತ ದಿನದವರೆಗೆ ನಡೆದದ್ದಕ್ಕೆ ಮಾತ್ರ ವಕೀಲನ ವಾದ ಸಲ್ಲುತ್ತದೆ. ಅವಳು ಹುಟ್ಟಿದ ಮೇಲೆ ಆ ಕರಾವಳಿಗೆ ಸಿಹಿ ನೀರಿನ ಕೊಳವೆ ಎಳೆಯದೆ ಬಿಟ್ಟವರು, ಎತ್ತರದ ಜಾಗ ಕೊಡದೆ ಬಿಟ್ಟವರು ಅವಳಿಗೆ ನೇರವಾಗಿ ಉತ್ತರ ಕೊಡಬೇಕು. ಆ ಕೊಳವೆಗೆ ಬೇಕಾಗುವ ದುಡ್ಡನ್ನು ಈಗಿನಿಂದ ಕೂಡಿಡುವವರು ಯಾರು, ಹೊಗೆ ಬಿಟ್ಟವರೇ ಅಲ್ಲವೇ ಅಂತ ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಅದಕ್ಕೆ ಈಗ ಬರುತ್ತೇನೆ, ಪ್ರಶ್ನೋತ್ತರ ಅಲ್ಲಿಂದಲೇ ಶುರುವಾಗಲಿ.